ರಚ್ಚು ಕಸ ಅಂತ ಯಾರಪ್ಪಾ ಹೇಳಿದ್ದು?

ನಿನ್ನೆ ಮಂಡ್ಯದಿಂದ ಅಣ್ಣನ ಮಗ ಬಂದಿದ್ದ. ಬ್ಯಾಂಕ್ ಸಾಲಕ್ಕೆ ಬರೆಸಿದ ಪ್ರಾಜೆಕ್ಟ್ ರಿಪೋರ್ಟ್ ಕೈಗಿಟ್ಟ. ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯಿಂದ ಊಟದ ತಟ್ಟೆ, ಪಾರ್ಸೆಲ್ ಡಬ್ಬಿ ಮಾಡುತ್ತಾನಂತೆ. ಸಂತೋಷ. ಆದರೆ ‘ಪರಿಸರ’ ಅನ್ನುವ ಪುಟದಲ್ಲಿ ಒಂದು ಹಸಿರು ಎಲೆ ಚಿತ್ರ, ಅದರ ಕೆಳಗೆ ಒಂದೇ ಸಾಲು: ‘ಕಚ್ಚಾವಸ್ತು ಸ್ಥಳೀಯ ತ್ಯಾಜ್ಯ, ಉಚಿತವಾಗಿ ಸಿಗುತ್ತದೆ.’

ತ್ಯಾಜ್ಯವಂತೆ! ಆಲೆಮನೆಯಲ್ಲಿ ಬೆಳೆದ ನನಗೆ ಮೈ ಉರಿಯದೆ ಇರುತ್ತಾ? ರಚ್ಚು ಒಣಗಿಸಿ ಒಲೆಗೆ ಹಾಕಿದರೇ ಬೆಲ್ಲ. ಸಕ್ಕರೆ ಕಾರ್ಖಾನೆಯವರೂ ಅದನ್ನೇ ಬಾಯ್ಲರ್‌ಗೆ ಸುರಿದು ಕರೆಂಟ್ ಮಾಡಿಕೊಳ್ಳುತ್ತಾರೆ. ನೀವು ಅದನ್ನು ಕೊಂಡು ಹೋದರೆ ಒಲೆಗೆ ಬೇರೆ ಏನೋ ಬೀಳುತ್ತದೆ. ಏನು ಬೀಳುತ್ತದೆ ಅಂತ ನನಗೆ ಗೊತ್ತು. ಒಂದು ಮಳೆಗಾಲ ರಚ್ಚು ನೆನೆದು ಹೋದಾಗ ನಾವೇ ಹಳೇ ಟೈರ್ ಹಾಕಿದ್ದೆವು. ಆ ಹೊಗೆ ನೆನೆದರೆ ಇವತ್ತಿಗೂ ನಾಚಿಕೆ.

ಸರಿ, ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸಿಪ್ಪೆ ನೇರವಾಗಿ ತಟ್ಟೆ ಆಗಲ್ಲ. ಅದರ ಒಳಗಿನ ಬೆಂಡು ಬೇರ್ಪಡಿಸಿ, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ತೊಳೆದು ತಿರುಳು ಮಾಡಬೇಕು. ಆಗ ಉಳಿಯುವುದು ಕಪ್ಪು, ಕ್ಷಾರದ ನೀರು. ಅದನ್ನು ಶುದ್ಧ ಮಾಡುವ ಘಟಕದ ಖರ್ಚು ಸಣ್ಣ ಶೆಡ್ಡಿಗೆ ಗಿಟ್ಟುವುದಿಲ್ಲ. ಬಿಟ್ಟರೆ ಹೋಗುವುದು ನಾಲೆಗೆ. ಅದಕ್ಕೇ ಸಣ್ಣವರು ದೊಡ್ಡ ಮಿಲ್ಲಿನ ಒಣ ತಿರುಳಿನ ಹಾಳೆ ತರಿಸಿ, ನೀರಲ್ಲಿ ಕಲಸಿ, ಅಚ್ಚಿಗೆ ಹಾಕುವುದು. ಅಚ್ಚಿನಿಂದ ಬಸಿದ ನೀರನ್ನು ಮತ್ತೆ ಕಲಸಲು ಬಳಸಬಹುದು. ನನ್ನ ಮಾತು ಕೇಳುವುದಾದರೆ ಇವನೂ ಹಾಗೇ ಮಾಡಲಿ. ಆದರೆ ಆಗ ‘ಸ್ಥಳೀಯ’ವೂ ಹೋಯಿತು, ‘ಉಚಿತ’ವೂ ಹೋಯಿತು, ಅಲ್ವಾ?

ಇನ್ನು ಕರೆಂಟು. ರಿಪೋರ್ಟ್ ಹೇಳುವುದು ದಿನಕ್ಕೆ 5,000 ತಟ್ಟೆ, ತಲಾ 20 ಗ್ರಾಂ. ಅಂದರೆ 100 ಕಿಲೋ ತಿರುಳು. ಅಚ್ಚಲ್ಲಿ ನೀರು ಹೀರಿ ತೆಗೆದ ಮೇಲೂ ಹಸಿ ತಟ್ಟೆಯ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ನೀರೇ ಅಂತ ಹಿಡಿಯಿರಿ. ದಿನಕ್ಕೆ ಸುಮಾರು 230 ಲೀಟರ್ ಆವಿ ಮಾಡಬೇಕು. ಒಂದು ಲೀಟರಿಗೆ ಕಡಿಮೆ ಅಂದರೂ 0.63 ಯೂನಿಟ್ ಶಾಖ ಬೇಕು, ಅಲ್ಲಿಗೆ ಸುಮಾರು 145 ಯೂನಿಟ್. ಬಿಸಿ ಪ್ರೆಸ್ಸಿನಿಂದ ಸೋರುವ ಶಾಖ ಬೇರೆ. ಇದರ ಬಗ್ಗೆ ಎಲೆ ಚಿತ್ರದ ಪುಟ ಮೌನ.

“ಪ್ಲಾಸ್ಟಿಕ್‌ಗಿಂತ ವಾಸಿ ಅಲ್ವಾ ಚಿಕ್ಕಪ್ಪ?” ಅಂದ. ತಿಪ್ಪೆಗೆ ಬಿದ್ದ ಮೇಲೆ ವಾಸಿ, ಒಪ್ಪಿದೆ. ನಾನು ಕೇಳುತ್ತಿರುವುದು ತಿಪ್ಪೆಗೆ ಬೀಳುವ ಮುಂಚಿನ ಕಥೆ.

ರಾತ್ರಿ ಕೂತು ಇಬ್ಬರೂ ಆ ಪುಟ ತಿದ್ದಿದೆವು. ತಿರುಳು ಯಾವ ಮಿಲ್ಲಿನದು, ಬಸಿದ ನೀರು ಎಲ್ಲಿಗೆ, ದಿನಕ್ಕೆ ಎಷ್ಟು ಯೂನಿಟ್ ಅಂತ ಬರೆದಾಯಿತು. ಎಲೆ ಚಿತ್ರ ತೆಗೆಯೋಕೆ ಮಾತ್ರ ಹುಡುಗ ಒಪ್ಪಲಿಲ್ಲ.