ಸುಟ್ಟ ಕಾಯಿಲ್ ಕತ್ತರಿಸುವ ಮುಂಚೆ ಒಂದ್ಸಲ ನೋಡಿ

ಕಳೆದ ಹಣ್ಣಿನ ಸೀಸನ್‌ನಲ್ಲಿ ಒಂದೇ ಮೋಟರ್ ಎರಡು ಸಲ ಸುಟ್ಟು ನಮ್ಮ ರೀವೈಂಡಿಂಗ್ ಅಂಗಡಿಗೆ ಬಂತು. ಆಲ್ದೂರು ಕಡೆಯ ಒಂದು ಕಾಫಿ ತೋಟದ್ದು. 5 ಎಚ್‌ಪಿ, 1440 ಆರ್‌ಪಿಎಂ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೆಲ್ಟ್ ಹಾಕಿ ಓಡಿಸುವ ಮೋಟರ್. ಮೊದಲ ಸಲ ಬಂದಾಗ ನಾನು ಚಿಕ್ಕಮಗಳೂರಿನಲ್ಲಿ ಇರಲಿಲ್ಲ. ಹುಡುಗರು ಹಳೇ ಕಾಯಿಲ್ ಕತ್ತರಿಸಿ ತೆಗೆದು, ಹೊಸದು ಕಟ್ಟಿ, ವಾರ್ನಿಷ್ ಹಾಕಿ ಕಳಿಸಿದ್ದರು. ಯಾಕೆ ಸುಟ್ಟಿತು ಅಂತ ಅವರೂ ನೋಡಲಿಲ್ಲ, ತೋಟದವರೂ ಕೇಳಲಿಲ್ಲ. ಹನ್ನೊಂದು ದಿನಕ್ಕೆ ಅದೇ ಮೋಟರ್ ಜೀಪಿನ ಹಿಂದೆ ವಾಪಸ್ ಬಂತು.

ತೋಟದ ಗೌಡ್ರಿಗೆ ಸಿಟ್ಟು ಬಂದಿತ್ತು. ಬರೋದೇ ತಾನೆ? ಆ ದಿನದ ಹಣ್ಣು ಆ ದಿನವೇ ಪಲ್ಪರ್‌ಗೆ ಹೋಗಬೇಕು. ರಾಶಿ ಬಿದ್ದರೆ ಬಿಸಿಯಾಗಿ ಹುಳಿ ಬರುತ್ತೆ. "ನಿಮ್ಮ ವೈರೇ ಸರಿಯಿಲ್ಲ ಕಣಯ್ಯ" ಅಂದರು. ಜೊತೆಗೆ ಬಂದಿದ್ದ ರೈಟರ್ "ವೋಲ್ಟೇಜ್ ಜಾಸ್ತಿ ಬಂದಿರಬೇಕು" ಅಂದರು. ನಾನು ಏನೂ ಹೇಳದೆ ಎರಡೂ ಕಡೆ ಕವರ್ ಬಿಚ್ಚಿ, ರೋಟರ್ ಹೊರಗೆ ಎಳೆದು, ಕಾಯಿಲ್ ಕೂತಿರುವ ಸ್ಟೇಟರ್ ಅನ್ನು ಬೆಳಕಿಗೆ ಹಿಡಿದೆ.

ಕಾಯಿಲ್ ಪೂರ್ತಿ ಸುಟ್ಟಿರಲಿಲ್ಲ. ಸುತ್ತಲೂ ನಾಲ್ಕು ಕಡೆ ಕಪ್ಪಗೆ ಇದ್ದಿಲಾಗಿತ್ತು. ಗಡಿಯಾರದಲ್ಲಿ 12, 3, 6, 9 ಇರುತ್ತಲ್ಲ, ಹಾಗೆ ಸಮವಾಗಿ. ನಡುವೆ ಇದ್ದ ಕಾಯಿಲ್‌ಗಳು ಹನ್ನೊಂದು ದಿನದ ಹಿಂದೆ ಕಟ್ಟಿದ ಹಾಗೇ ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದವು. ನಾಲ್ಕು ಪೋಲ್ ಮೋಟರಿನಲ್ಲಿ ಒಂದೊಂದು ಫೇಸಿಗೆ ನಾಲ್ಕು ಗುಂಪು, ಒಟ್ಟು ಹನ್ನೆರಡು ಗುಂಪು ಕಾಯಿಲ್ ಇರುತ್ತೆ. ಇಲ್ಲಿ ಸುಟ್ಟಿದ್ದು ಸರಿಯಾಗಿ ಒಂದು ಫೇಸಿನ ನಾಲ್ಕು ಗುಂಪು. ಉಳಿದ ಎರಡು ಫೇಸಿಗೆ ಏನೂ ಆಗಿರಲಿಲ್ಲ.

ವೈರ್ ಕಳಪೆ ಆಗಿದ್ದರೆ ಎಲ್ಲೋ ಒಂದು ಜಾಗದಲ್ಲಿ ಕಿತ್ತು ಕರಗಿರುತ್ತಿತ್ತು. ಪಲ್ಪರ್ ಮೇಲೆ ಲೋಡ್ ಜಾಸ್ತಿ ಆಗಿದ್ದರೆ ಹನ್ನೆರಡೂ ಗುಂಪು ಒಂದೇ ಸಮ ಕಪ್ಪಾಗಿರುತ್ತಿತ್ತು. ಡೆಲ್ಟಾ ಕನೆಕ್ಷನ್ ಇರುವ ಮೋಟರಿನಲ್ಲಿ ಒಂದೇ ಫೇಸು ಹೀಗೆ ಲೆಕ್ಕ ಹಾಕಿದ ಹಾಗೆ ಸುಟ್ಟಿದೆ ಅಂದರೆ ಅದು ಸಿಂಗಲ್ ಫೇಸಿಂಗ್. ಮೂರು ವೈರಿನಲ್ಲಿ ಒಂದು ಎಲ್ಲೋ ಕಟ್ ಆಗಿ, ಎರಡೇ ವೈರಿನಲ್ಲಿ ಮೋಟರ್ ಓಡಿದೆ. ಸ್ಟಾರ್ ಕನೆಕ್ಷನ್ ಆಗಿದ್ದರೆ ಇದು ಉಲ್ಟಾ. ಎರಡು ಫೇಸು ಕಪ್ಪಾಗಿ ಒಂದು ಚೆನ್ನಾಗಿ ಉಳಿಯುತ್ತೆ, ಯಾಕೆಂದರೆ ಅಲ್ಲಿ ಎರಡು ಫೇಸಿನ ಕಾಯಿಲ್ ಒಂದರ ಹಿಂದೆ ಒಂದು ಸೇರಿ ಅದೇ ಕರೆಂಟನ್ನು ಹೊರುತ್ತವೆ, ಮೂರನೆಯದಕ್ಕೆ ಕರೆಂಟೇ ಹೋಗಲ್ಲ.

"ಗೌಡ್ರೇ, ಇದನ್ನ ಮತ್ತೆ ಕಟ್ಟಿಕೊಡ್ತೀನಿ. ಆದ್ರೆ ಕೂರಿಸೋಕೆ ನಾನೇ ಬರ್ತೀನಿ. ಇಲ್ದಿದ್ರೆ ಮೂರನೇ ಸಲಾನೂ ಸುಡುತ್ತೆ" ಅಂದೆ.

ತೋಟಕ್ಕೆ ಹೋದ ಮೇಲೆ ನಾನು ಮೊದಲು ಮಾತಾಡಿಸಿದ್ದು ಪಲ್ಪರ್ ಓಡಿಸುವ ಹುಡುಗನನ್ನ. ಮೋಟರ್ ಏನು ಮಾಡ್ತಿತ್ತು ಅಂತ ಅದರ ಪಕ್ಕ ನಿಂತವನಿಗೇ ಗೊತ್ತಿರುತ್ತೆ. ಅವನು ಅಂದ: "ಒಂದೊಂದ್ಸಲ ಗುಂಯ್ ಅಂತ ನಿಂತ್ಕೊಳ್ಳುತ್ತೆ ಅಣ್ಣ. ಬೆಲ್ಟ್ ಹಿಡಿದು ಎಳೆದ್ರೆ ಹೋಗುತ್ತೆ." ಅಲ್ಲಿಗೆ ಅರ್ಧ ಕೆಲಸ ಆಯ್ತು. ಮೂರು ಫೇಸ್ ಸರಿಯಾಗಿ ಬಂದರೆ ಮೋಟರಿನೊಳಗೆ ಅಯಸ್ಕಾಂತದ ಬಲ ಸುತ್ತುತ್ತೆ, ಅದರ ಹಿಂದೆ ರೋಟರ್ ತಾನಾಗೇ ತಿರುಗುತ್ತೆ. ಎರಡೇ ವೈರ್ ಇದ್ದರೆ ಆ ಬಲ ಸುತ್ತಲ್ಲ, ಇದ್ದಲ್ಲೇ ಹಿಂದೆ ಮುಂದೆ ಆಗುತ್ತೆ. ನಿಂತ ರೋಟರ್ ನಿಂತೇ ಇರುತ್ತೆ, ಗುಂಯ್‌ಗುಡುತ್ತೆ. ಕೈಯಲ್ಲಿ ಒಂದು ತಳ್ಳು ಕೊಟ್ಟರೆ ತಳ್ಳಿದ ಕಡೆಗೇ ಓಡೋಕೆ ಶುರು ಮಾಡುತ್ತೆ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಇದನ್ನ ದಯವಿಟ್ಟು ಯಾರೂ ಮಾಡಬೇಡಿ. ಬೆಲ್ಟಿಗೆ ಬೆರಳು ಸಿಕ್ಕಿದರೆ ಉಳಿಯಲ್ಲ. ಅದೂ ಅಲ್ಲದೆ, ಗುಂಯ್ ಅಂತ ನಿಂತಿರುವಾಗ ಮೋಟರ್ ತನ್ನ ಫುಲ್ ಲೋಡ್ ಕರೆಂಟಿನ ನಾಲ್ಕೈದು ಪಟ್ಟು ಎಳೀತಾ ಇರುತ್ತೆ.

ಆದರೆ ಈ ಮೋಟರ್ ಸುಟ್ಟಿದ್ದು ನಿಂತಾಗ ಅಲ್ಲ, ಓಡುವಾಗ. ಹೊರಗೆ ಏನೂ ಗೊತ್ತಾಗದ ಹಾಗೆ ಓಡುವಾಗ.

ಹೊಸದಾಗಿ ಕಟ್ಟಿದ ಮೋಟರ್ ಕೂರಿಸಿ, ಹಣ್ಣು ಬಿಟ್ಟು ಓಡಿಸಿ, ಮೂರೂ ವೈರಿಗೆ ಒಂದೊಂದಾಗಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದೆ. ಮೂರರಲ್ಲೂ 5 ಆಂಪ್ಸ್ ಬಂತು. ಮೋಟರಿನ ಪ್ಲೇಟ್ ಮೇಲೆ 7.5 ಆಂಪ್ಸ್ ಇದೆ, ಅಂದರೆ ಆರಾಮಾಗಿ ಓಡ್ತಿದೆ. ಅಲ್ಲೇ ನಿಂತೆ. ಇಪ್ಪತ್ತು ನಿಮಿಷ ಆದ ಮೇಲೆ ಮೋಟರಿನ ಸದ್ದು ಸ್ವಲ್ಪ ದಪ್ಪ ಆಯ್ತು. ಪಲ್ಪರ್ ನಿಲ್ಲಲಿಲ್ಲ, ಹಣ್ಣು ಹೋಗ್ತಾನೇ ಇತ್ತು. ಮತ್ತೆ ಟಾಂಗ್ ಟೆಸ್ಟರ್ ಹಾಕಿದರೆ ಎರಡು ವೈರಿನಲ್ಲಿ 9, ಒಂದರಲ್ಲಿ ಸೊನ್ನೆ.

ಲೆಕ್ಕ ಇಷ್ಟೇ. ಪಲ್ಪರ್ ಕೇಳುವ ಶಕ್ತಿ ಕಮ್ಮಿ ಆಗಲ್ಲ. ಮೂರು ವೈರು ಹೊರುತ್ತಿದ್ದ ಹೊರೆಯನ್ನು ಎರಡು ವೈರು ಹೊರಬೇಕು. ಆಗ ಆ ಎರಡರ ಕರೆಂಟು 1.73 ಪಟ್ಟು ಆಗುತ್ತೆ. 5 ಇದ್ದದ್ದು 8.7. ಜೊತೆಗೆ ಸ್ಪೀಡು ಸ್ವಲ್ಪ ಬಿದ್ದು, ರೋಟರಿನಲ್ಲೂ ಶಕ್ತಿ ಪೋಲಾಗುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಮೇಲೆ ಹೋಗಿ 9 ಆಯ್ತು.

ಈಗ ಆ 9 ಆಂಪ್ಸ್ ಮೋಟರಿನೊಳಗೆ ಹೇಗೆ ಹಂಚಿಕೆ ಆಗುತ್ತೆ ನೋಡಿ. ಡೆಲ್ಟಾದಲ್ಲಿ ಬದುಕಿರುವ ಎರಡು ವೈರಿನ ನಡುವೆ ಒಂದು ಫೇಸಿನ ಕಾಯಿಲ್ ನೇರವಾಗಿ ಕೂತಿರುತ್ತೆ. ಉಳಿದ ಎರಡು ಒಂದಕ್ಕೊಂದು ಸೇರಿ ಸುತ್ತಿ ಬರುವ ದಾರಿ. ನೇರ ಇರುವ ಕಾಯಿಲ್‌ಗೆ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲು, 6 ಆಂಪ್ಸ್. ಸುತ್ತಿ ಬರುವ ಎರಡಕ್ಕೆ ಬರೀ 3. ಎಲ್ಲ ಸರಿ ಇದ್ದು ಪಲ್ಪರ್ ಓಡುವಾಗ ಒಂದೊಂದು ಕಾಯಿಲ್‌ನಲ್ಲೂ ಹರಿಯುವುದು ವೈರಿನ 5ನ್ನು 1.73ರಿಂದ ಭಾಗಿಸಿದಷ್ಟು, 2.9 ಆಂಪ್ಸ್. ಅಂದರೆ ಎರಡು ಫೇಸಿಗೆ ಏನೋ ಆಗಿದೆ ಅನ್ನೋದೇ ಗೊತ್ತಿಲ್ಲ, ಒಂದು ಫೇಸು ಮಾತ್ರ ಎರಡು ಪಟ್ಟು ಹೊರುತ್ತಿದೆ. ಕಾಯಿಲ್‌ನ ಕಾವು ಕರೆಂಟಿನ ವರ್ಗದ ಪ್ರಕಾರ ಏರುತ್ತೆ. ಕರೆಂಟು ಎರಡು ಪಟ್ಟು ಆದರೆ ಕಾವು ನಾಲ್ಕು ಪಟ್ಟು. ಮೋಟರ್ ಫುಲ್ ಲೋಡಿಗೆ ತಡೆಯುವ ಕಾವಿಗೆ ಹೋಲಿಸಿದರೂ ಇದು ಹತ್ತಿರ ಎರಡು ಪಟ್ಟು. ಜೇನಿನ ಬಣ್ಣದ ಕಾಯಿಲ್‌ಗಳ ನಡುವೆ ನಾಲ್ಕು ಕಡೆ ಇದ್ದಿಲು ಯಾಕೆ ಇತ್ತು ಅಂತ ಈಗ ಗೊತ್ತಾಯ್ತು ಅಲ್ವಾ?

ಹಾಗಾದರೆ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಯಾಕೆ ಬೀಳಲಿಲ್ಲ? ಅದು 6ರಿಂದ 10 ಆಂಪ್ಸಿನ ರಿಲೇ. ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಯಾರೋ ತಿರುಗಿಸಿ 10ಕ್ಕೆ ಇಟ್ಟಿದ್ದರು. ಸುಡುತ್ತಿರುವ ಮೋಟರಿನ ಲೈನ್ ಕರೆಂಟ್ 9. ರಿಲೇ ಕಣ್ಣಿಗೆ ಎಲ್ಲ ಸರಿ ಇದೆ. ಪ್ಲೇಟಿನ ಪ್ರಕಾರ 7.5ಕ್ಕೆ ಇಟ್ಟಿದ್ದರೂ ಪೂರ್ತಿ ನಂಬುವ ಹಾಗಿಲ್ಲ. 9 ಅಂದರೆ ಅದಕ್ಕೆ ಬರೀ 20 ಪರ್ಸೆಂಟ್ ಜಾಸ್ತಿ, ಅಷ್ಟಕ್ಕೆ ಬೀಳಲು ಸಾದಾ ರಿಲೇ ಎರಡು ಗಂಟೆವರೆಗೂ ತಗೋಬಹುದು. ಓಡುವ ಕರೆಂಟ್ 5 ಇದೆ ಅಂತ ಅಳೆದು 6ಕ್ಕೆ ಇಟ್ಟಿದ್ದರೆ ಅದೇ 9 ಆಂಪ್ಸಿಗೆ ಎರಡು ಮೂರು ನಿಮಿಷದಲ್ಲಿ ಬಿದ್ದಿರುತ್ತಿತ್ತು. ರಿಲೇಯನ್ನು ಪ್ಲೇಟ್ ನೋಡಿ ಇಡಬೇಡಿ, ಅಳೆದು ಇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಪ್ಲೇಟಿನ ನಂಬರಿಗಿಂತ ಮೇಲೆ ಮಾತ್ರ ಯಾವತ್ತೂ ಹೋಗಬೇಡಿ.

ಇನ್ನೊಂದು ವಿಷಯಕ್ಕೆ ಗೌಡ್ರಿಗೆ ತುಂಬಾ ಬೇಜಾರಾಗಿತ್ತು. ಬೋರ್ಡಿನಲ್ಲಿ, ಒಂದು ಫೇಸು ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇತ್ತು, ದುಡ್ಡು ಕೊಟ್ಟು ಹಾಕಿಸಿದ್ದರು. ಮೂರೂ ಲ್ಯಾಂಪ್ ಉರೀತಾ ಇದ್ದವು. ಮೊದಲ ಸಲ ಸುಟ್ಟಾಗ ಅಲ್ಲಿನ ವೈರ್‌ಮನ್ ಬೋರ್ಡಿನಲ್ಲಿ ನೋಡಿ ಕರೆಂಟ್ ಸರಿ ಇದೆ ಅಂದಿದ್ದ. ಎರಡನೇ ಸಲ ಸುಡುವ ಮುಂಚೆ ಓಡುತ್ತಿದ್ದ ಮೋಟರಿನ ಟರ್ಮಿನಲ್‌ಗೇ ಟೆಸ್ಟರ್ ಇಟ್ಟಿದ್ದ. ಅಲ್ಲೂ ಮೂರೂ ಹೊಳೆದವು. ಅವನು ಸುಳ್ಳು ಹೇಳಿಲ್ಲ. ಓಡುತ್ತಿರುವ ಮೋಟರ್, ಕಟ್ ಆದ ಫೇಸಿನ ಟರ್ಮಿನಲ್‌ನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತೆ. ಲೋಡ್ ಕಮ್ಮಿ ಇದ್ದಷ್ಟೂ ಅದು ಮಾಮೂಲಿ ವೋಲ್ಟೇಜಿಗೆ ಹತ್ತಿರ ಇರುತ್ತೆ. ಟೆಸ್ಟರಿಗೆ ಅದು ಲೈನಿನಿಂದ ಬಂದದ್ದಾ, ಮೋಟರಿನಿಂದ ಬಂದದ್ದಾ ಅಂತ ಗೊತ್ತಾಗಲ್ಲ. ಅದಕ್ಕೆ ಓಡುವ ಮೋಟರಿನಲ್ಲಿ ವೋಲ್ಟೇಜ್ ನೋಡಿ ತೀರ್ಮಾನ ಮಾಡಬಾರದು. ಮೂರು ವೈರಿನ ಕರೆಂಟನ್ನೇ ಅಳೆಯಬೇಕು.

ಮೇನ್ ಆಫ್ ಮಾಡಿ ಸ್ಟಾರ್ಟರ್ ಬಿಚ್ಚಿದೆ. ಮೋಟರಿಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರಿನ ಮೂರು ಪಾಯಿಂಟಿನಲ್ಲಿ ನಡುವಿನದು ಹುಳ ತಿಂದ ಹಲ್ಲಿನ ಹಾಗೆ ಗುಂಡಿ ಬಿದ್ದಿತ್ತು. ಬೆಳ್ಳಿ ಲೇಪ ಹೋಗಿ ತಾಮ್ರ ಕಪ್ಪಾಗಿತ್ತು. ಅದರ ಸ್ಪ್ರಿಂಗ್ ಕಾವಿಗೆ ಮೆತ್ತಗಾಗಿತ್ತು, ಬೆರಳಲ್ಲಿ ಒತ್ತಿದರೆ ಪಕ್ಕದವೆರಡರ ಬಿಗಿ ಇರಲಿಲ್ಲ. ಸ್ಟಾರ್ಟ್ ಮಾಡಿದಾಗ ಹೆಚ್ಚಿನ ಸಲ ತಾಗುತ್ತಿತ್ತು, ಬಿಸಿ ಏರಿ ಅದುರಿದಾಗ ಬಿಡುತ್ತಿತ್ತು. ಪ್ರಿವೆಂಟರ್ ಇದ್ದದ್ದು ಈ ಪಾಯಿಂಟಿಗಿಂತ ಮುಂಚೆ, ಲೈನ್ ಬರುವ ಕಡೆ. ಅದು ನೋಡುವುದು ಬರೀ ವೋಲ್ಟೇಜ್. ಕಂಬದ ಮೇಲೆ ಫ್ಯೂಸ್ ಹೋದರೆ, ಮಳೆಗಾಲದಲ್ಲಿ ಕೊಂಬೆ ಬಿದ್ದು ಜಂಪರ್ ಕಟ್ ಆದರೆ, ಅದಕ್ಕೆ ಗೊತ್ತಾಗುತ್ತೆ. ತನ್ನ ಆಚೆ ಆಗಿದ್ದು ಗೊತ್ತಾಗಲ್ಲ.

ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ ಕೊಡು ಅಂದರು ಗೌಡ್ರು. ನಾನು ಒಪ್ಪಲಿಲ್ಲ. ಉಳಿದ ಬೆಳ್ಳಿಯೂ ಹೋಗುತ್ತೆ, ಮೆತ್ತಗಾದ ಸ್ಪ್ರಿಂಗ್ ಗಟ್ಟಿ ಆಗಲ್ಲ. ಮೂರೂ ಪಾಯಿಂಟ್, ಸ್ಪ್ರಿಂಗ್ ಸಮೇತ ಹೊಸ ಸೆಟ್ ಹಾಕಿದೆ. ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ವೈರುಗಳ ಸುತ್ತ ಕರೆಂಟ್ ಅಳೆಯುವ ಬಳೆ, ಅಂದರೆ ಸಿಟಿ ಹಾಕಿ ಕರೆಂಟ್ ನೋಡುವ ಪ್ರಿವೆಂಟರ್ ಕೂರಿಸಿದೆ. ಫೇಸು ಎಲ್ಲೇ ಹೋಗಲಿ, ಕಂಬದಲ್ಲೋ, ಬೋರ್ಡಿನಲ್ಲೋ, ಪಾಯಿಂಟಿನಲ್ಲೋ, ಮೋಟರಿನ ಲಗ್ಗಿನಲ್ಲೋ, ಆ ವೈರಿನಲ್ಲಿ ಕರೆಂಟು ನಿಂತೇ ನಿಲ್ಲುತ್ತೆ. ಇದಕ್ಕೂ ಒಂದು ಮಿತಿ ಇದೆ. ಮೋಟರ್ ಸ್ಟಾರ್ಟ್ ಆದ ಮೇಲಷ್ಟೇ ಇದು ನೋಡಬಲ್ಲದು. ಒಂದು ಫೇಸು ಇಲ್ಲದೆ ಬಟನ್ ಒತ್ತಿದರೆ ಕೆಲವು ಸೆಕೆಂಡ್ ಗುಂಯ್ ಅಂದೇ ಬೀಳುತ್ತೆ. ಅಷ್ಟನ್ನು ಕಾಯಿಲ್ ತಡೆಯುತ್ತೆ. ಹಳೇ ವೋಲ್ಟೇಜ್ ಪ್ರಿವೆಂಟರನ್ನೂ ತೆಗೆಯಲಿಲ್ಲ.

ರೀವೈಂಡಿಂಗ್ ಮಾಡುವವರಿಗೂ ಒಂದು ಮಾತು. ಹಳೇ ಕಾಯಿಲ್ ಕತ್ತರಿಸುವ ಮುಂಚೆ ಮೋಟರ್ ತಂದವರನ್ನ ಕರೆದು ತೋರಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದು ಕೊಡಿ. ಕಾರಣ ಹೇಳದೆ ಕಟ್ಟಿ ಕಳಿಸೋದು ಅರ್ಧ ಕೆಲಸ. ಮೊದಲ ಸಲ ನಮ್ಮ ಅಂಗಡಿಯಿಂದಲೇ ಅರ್ಧ ಕೆಲಸ ಹೋಗಿತ್ತು, ಅದಕ್ಕೆ ಎರಡನೇ ಸಲದ ಕೂಲಿ ನಾನು ತಗೊಳ್ಳಲಿಲ್ಲ.

ಹೊರಡುವ ಮುಂಚೆ ಮೇನ್ ಆಫ್ ಮಾಡಿ, ಸ್ಟಾರ್ಟರಿನಿಂದ ಹೊರಗೆ ಹೋಗುವ ಒಂದು ವೈರ್ ಬಿಚ್ಚಿ ಟೇಪ್ ಸುತ್ತಿದೆ. ಮತ್ತೆ ಆನ್ ಮಾಡಿ, ಬಟನ್ ಒತ್ತೋಕೆ ಗೌಡ್ರಿಗೇ ಹೇಳಿದೆ. ಮೋಟರ್ ಗುಂಯ್ ಅಂತು. ಹುಡುಗನ ಕೈ ಅಭ್ಯಾಸಕ್ಕೆ ಬೆಲ್ಟಿನ ಕಡೆ ಹೋಯ್ತು. ಅವನು ಮುಟ್ಟುವ ಮುಂಚೆಯೇ ಸ್ಟಾರ್ಟರ್ ಟಕ್ ಅಂತ ಬಿತ್ತು.