ಮೋಡ ನೋಡಬೇಡಿ, ಗಡಿಯಾರ ನೋಡಿ

ಮೆಲ್ಬರ್ನಿನಲ್ಲಿ ಹವಾಮಾನ ವರದಿಯ ಜೊತೆಗೇ ಆ ದಿನದ ಯುವಿ ಸೂಚ್ಯಂಕ, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಅತಿನೇರಳೆ ಕಿರಣಗಳ ಅಳತೆ, ಬರುತ್ತದೆ. ಅದು 3 ಅಥವಾ ಅದಕ್ಕಿಂತ ಹೆಚ್ಚಿರುವ ಗಂಟೆಗಳಲ್ಲಿ ಟೋಪಿ, ಸನ್‌ಸ್ಕ್ರೀನ್ ಬೇಕು. ಮೇಯಿಂದ ಆಗಸ್ಟ್‌ವರೆಗೆ ಸಾಮಾನ್ಯವಾಗಿ 3ರ ಕೆಳಗೇ ಇರುವುದರಿಂದ ಜನ ನಿಶ್ಚಿಂತೆಯಾಗಿ ಬಿಟ್ಟುಬಿಡುತ್ತಾರೆ. ನಮ್ಮೂರಲ್ಲಿ ಲೆಕ್ಕವೇ ಬೇರೆ: ಸೆಖೆಯಾದರೆ ಬಿಸಿಲು, ತಂಪಾಗಿದ್ದರೆ ಇಲ್ಲ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಹೊತ್ತು. ಸೆಖೆ ಏರುವುದು ಎರಡು, ಮೂರು ಗಂಟೆಗೆ. ಯುವಿ ಏರುವುದು ಸೂರ್ಯ ನೆತ್ತಿಗೆ ಬಂದಾಗ. ಬೆಂಗಳೂರಿನಲ್ಲಿ ಅದು ಸುಮಾರು 12.20. ಮೆಲ್ಬರ್ನಿನ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ 1.20ರ ಸುಮಾರಿಗೆ. ಹಾಗಾಗಿ ‘ಹನ್ನೊಂದಕ್ಕೇ ಮುಗಿಸಿಕೊಂಡು ಬರ್ತೀನಿ, ಆಮೇಲೆ ಬಿಸಿಲು’ ಎಂದು ಹೊರಟವರು ಏರುಗಾಲದಲ್ಲೇ ಹೊರಗಿರುತ್ತಾರೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಎಂದೇ ತಿಳಿಯಿರಿ.

ಎರಡನೆಯದು ಮೋಡ. ಮೋಡ ಸೆಖೆಯನ್ನು ತಗ್ಗಿಸಿದಷ್ಟು ಯುವಿಯನ್ನು ತಗ್ಗಿಸುವುದಿಲ್ಲ. ತೆಳು ಮೋಡದ ಮೂಲಕ ಶೇ. 80ರವರೆಗೂ ಇಳಿಯಬಹುದು. ಮಂಗಳೂರಿನ ಮಳೆಗಾಲದ ಒಂದು ನಡುಹಗಲನ್ನೇ ತೆಗೆದುಕೊಳ್ಳಿ. ಮೋಡವೇ ಇಲ್ಲದಿದ್ದರೆ ಸೂಚ್ಯಂಕ 12 ಎಂದಿಟ್ಟುಕೊಳ್ಳಿ. ತೆಳು ಮೋಡದಲ್ಲಿ ಒಂಬತ್ತರ ಮೇಲೆಯೇ ನಿಲ್ಲಬಹುದು. ಕಪ್ಪುಮೋಡ ಕವಿದು ಕಾಲುಭಾಗ ಮಾತ್ರ ಇಳಿದರೂ 3. ಧೋ ಎಂದು ಸುರಿಯುವಾಗ ಚಿಂತೆಯಿಲ್ಲ. ಬಿಡುವು ಕೊಟ್ಟು, ಮೋಡದ ಸಂದಿನಿಂದ ಬಿಸಿಲು ಇಣುಕುವ ಹೊತ್ತೇ ಕಷ್ಟದ್ದು: ಮೋಡದ ಅಂಚಿಗೆ ಬಡಿದು ಚದುರಿದ ಬೆಳಕೂ ಸೇರಿ, ಕೆಲವು ನಿಮಿಷ ಯುವಿ ಶುಭ್ರ ಆಕಾಶದ ದಿನಕ್ಕಿಂತಲೂ ಹೆಚ್ಚಾಗಬಹುದು.

ಮನೆಯೊಳಗಿನ ಸಂಗತಿ ಇನ್ನೂ ಸೂಕ್ಷ್ಮ. ಕಿಟಕಿ ಗಾಜು ಚರ್ಮ ಸುಡುವ ಯುವಿ-ಬಿಯನ್ನು ಬಹುತೇಕ ತಡೆಯುತ್ತದೆ, ಯುವಿ-ಎಯನ್ನು ಸಾಕಷ್ಟು ಒಳಗೆ ಬಿಡುತ್ತದೆ. ಸುಡದ ಕಾರಣ ಗೊತ್ತೇ ಆಗುವುದಿಲ್ಲ. ಕಾರಿನ ಮುಂದಿನ ಗಾಜು ಎರಡು ಪದರದ್ದು, ಯುವಿ-ಎಯನ್ನೂ ಬಹುಪಾಲು ತಡೆಯುತ್ತದೆ. ಪಕ್ಕದ ಗಾಜನ್ನು ಹಾಗೆ ನಂಬುವಂತಿಲ್ಲ. ದಿನವೂ ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಾಗುವುದು ಹೀಗೆ. ಪಡುವಣ ಕಿಟಕಿಗೆ ಒತ್ತಿಕೊಂಡ ಮೇಜಿದ್ದರೆ ಕ್ರೀಮಿಗಿಂತ ಮೊದಲು ಪರದೆ ಎಳೆಯಿರಿ, ಇಲ್ಲವೇ ಮೇಜನ್ನು ಎರಡು ಮೀಟರ್ ಒಳಗೆ ಸರಿಸಿ. ಅಷ್ಟು ದೂರದಲ್ಲಿ, ನೇರ ಬಿಸಿಲು ಬೀಳದಿದ್ದರೆ, ನನ್ನ ಪ್ರಕಾರ ಸನ್‌ಸ್ಕ್ರೀನ್ ದಂಡ.

ಬಂಗು ಇರುವವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಕಂದುಬಣ್ಣದವರ ಬಂಗನ್ನು ಗಾಢವಾಗಿಸುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಬೇಕು.

ಕೊಳ್ಳುವಾಗ ಎಸ್‌ಪಿಎಫ್ ಒಂದನ್ನೇ ನೋಡುವವರು ಹೆಚ್ಚು. ಅದು ಮುಖ್ಯವಾಗಿ ಯುವಿ-ಬಿಯ ಅಳತೆ. ಕಿಟಕಿ ಪಕ್ಕ ಕೂರುವವರು ಯುವಿ-ಎ ತಡೆಯನ್ನು ಹೇಳುವ ಪಿಎ ಮುಂದಿನ ಪ್ಲಸ್ ಗುರುತುಗಳನ್ನು ಎಣಿಸಬೇಕು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿಕೊಳ್ಳಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಮಳೆಯಲ್ಲಿ ನೆನೆದು ಟವೆಲಿನಿಂದ ಒರೆಸಿಕೊಂಡರೆ ಆಗಲೇ, ಮತ್ತೆ ಹಚ್ಚಬೇಕು.

ಮೆಲ್ಬರ್ನಿನವರ ಚಳಿಗಾಲದ ಸನ್‌ಸ್ಕ್ರೀನ್ ರಜೆಯನ್ನು ಮಾತ್ರ ಊರಿಗೆ ತರಬೇಡಿ. ಜೂನ್ ನಡುಹಗಲಲ್ಲಿ ಅಲ್ಲಿ ಸೂರ್ಯ ಸುಮಾರು 29 ಡಿಗ್ರಿ ಎತ್ತರದಲ್ಲಿದ್ದರೆ, ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ 53ರ ಮೇಲಿರುತ್ತಾನೆ.