ಏಳು ತಿಂಗಳ ನಂತರ ಕಳಿಸಿದ ಒಂದು ಸಂದೇಶ

ನನ್ನ ಗೆಳತಿಯೊಬ್ಬಳ ಅಣ್ಣ ತೀರಿಕೊಂಡು ಏಳು ತಿಂಗಳಾದ ಮೇಲೆ ಅವಳಿಗೆ ಸಂತಾಪದ ಸಂದೇಶ ಕಳಿಸಿದೆ. ಅವಳನ್ನು ಕೇಳಿಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು, ಹಾಕುವುದಿಲ್ಲ.

ಸುದ್ದಿ ನನಗೆ ತಡವಾಗಿ ಗೊತ್ತಾದದ್ದಲ್ಲ. ಎರಡನೇ ದಿನವೇ ಗೊತ್ತಾಗಿತ್ತು. ನಾವು ಹಿಂದೆ ಒಟ್ಟಿಗೆ ಕೆಲಸ ಮಾಡುತ್ತಿದ್ದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದರು. ಸಾಲಾಗಿ ಸಂತಾಪಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಅದರ ಕೆಳಗೆ ನಾನೂ ಒಂದು ಸೇರಿಸುವುದು ಸರಿ ಅನಿಸಲಿಲ್ಲ. ಅವಳಿಗೆ ಬೇರೆಯಾಗಿಯೇ ಬರೆಯೋಣ, ಚೆನ್ನಾಗಿ ಯೋಚಿಸಿ ಬರೆಯೋಣ ಅಂದುಕೊಂಡೆ. ಆ ರಾತ್ರಿ ಎರಡು ಸಾಲು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ.

ಮೊದಲ ವಾರ ಬರೆಯದೆ ಇದ್ದದ್ದಕ್ಕೆ ಕಾರಣ ಮಾತು ಸಿಗಲಿಲ್ಲ ಅನ್ನುವುದು. ಆಮೇಲೆ ಆ ಕಾರಣವೇ ಬದಲಾಯಿತು. ಒಂದು ತಿಂಗಳಾದಾಗ, ಇಷ್ಟು ದಿನ ಸುಮ್ಮನಿದ್ದು ಈಗ ಹೇಗೆ ಬರೆಯುವುದು ಎಂಬ ನಾಚಿಕೆ. ಮೂರು ತಿಂಗಳಾದಾಗ, ಈಗ ಬರೆದರೆ ಆರುತ್ತಿರುವ ಗಾಯ ಕೆದಕಿದ ಹಾಗಾಗುತ್ತದೆ ಎಂಬ ನೆಪ. ಈ ಕೊನೆಯದು ಕೇಳುವುದಕ್ಕೆ ಕಾಳಜಿಯ ಹಾಗಿದೆ. ಆದರೆ ಅದು ಸುಳ್ಳು. ಅಣ್ಣ ಇಲ್ಲ ಅನ್ನುವುದನ್ನು ಅವಳು ಮರೆತಿರುತ್ತಾಳೆ, ನನ್ನ ಸಂದೇಶ ನೋಡಿ ನೆನಪಿಸಿಕೊಳ್ಳುತ್ತಾಳೆ ಅಂತ ನಾನು ನಿಜವಾಗಿ ನಂಬಿದ್ದೆನಾ? ಇಲ್ಲ.

ಕಾಲದ ಬಗ್ಗೆ ನನಗಿದ್ದ ಲೆಕ್ಕವೇ ತಪ್ಪು. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿ, ಬಹಳ ಕಾಲ ಬಿಡದೆ ಕಾಡುವ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಿತು. ಅಲ್ಲಿಯೂ ದೊಡ್ಡವರ ವಿಷಯದಲ್ಲಿ ಸಾವಾಗಿ ಕನಿಷ್ಠ 12 ತಿಂಗಳು ಕಳೆಯದೆ ಹಾಗೆ ಕರೆಯುವಂತಿಲ್ಲ. ಅಂದರೆ ಏಳನೇ ತಿಂಗಳಲ್ಲಿ ದುಃಖ ಇರುವುದು ತೀರಾ ಸಾಮಾನ್ಯ. ಆದರೆ ಮೊದಲ ವಾರ ಬಂದಿದ್ದ ಜನ, ಫೋನು, ಸಂದೇಶ ಇವೆಲ್ಲ ಅಷ್ಟು ಹೊತ್ತಿಗೆ ನಿಂತುಹೋಗಿರುತ್ತವೆ. ತಡವಾದದ್ದು ನನಗೆ, ಅವಳಿಗಲ್ಲ.

ಕೊನೆಗೆ ಒಂದು ದಿನ ಕೂತು ಬರೆದೆ. ಫೋನಿನಲ್ಲಿ ಬರೆಯಲಿಲ್ಲ, ಕಾಗದದ ಮೇಲೆ ಬರೆದೆ. ಫೋನಿನಲ್ಲಿ ಅವಳ ಹೆಸರು ತೆರೆದು ಬರೆಯುತ್ತಾ ಅಳಿಸುತ್ತಾ ಕೂತರೆ, ಅದೇ ಹೊತ್ತಿಗೆ ಅವಳು ನೋಡಿದರೆ 'ಟೈಪಿಂಗ್' ಅಂತ ಕಾಣಿಸುತ್ತದೆ. ಆಮೇಲೆ ಏನೂ ಬರುವುದಿಲ್ಲ. ಆ ಮೊದಲ ರಾತ್ರಿ ಅವಳು ಹಾಗೆ ನೋಡಿದ್ದಳೋ ಏನೋ. ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಮೊದಲು ಬರೆದದ್ದು ಹೀಗಿತ್ತು: 'ದಯವಿಟ್ಟು ನನ್ನನ್ನು ಕ್ಷಮಿಸು. ಇಷ್ಟು ದಿನ ನಿನಗೆ ಬರೆಯದೆ ಇದ್ದದ್ದಕ್ಕೆ ನನಗೆ ತುಂಬಾ ನಾಚಿಕೆಯಾಗುತ್ತಿದೆ. ನಾನು ಪ್ರತಿದಿನ ನಿನ್ನ ಬಗ್ಗೆ ಯೋಚಿಸುತ್ತಿದ್ದೆ. ನನ್ನ ಕೆಲಸದ ಒತ್ತಡ, ನನ್ನ ಆರೋಗ್ಯ, ಎಲ್ಲ ಸೇರಿ ನನಗೆ ಆಗಲೇ ಇಲ್ಲ. ನಾನು ಎಷ್ಟು ಕೆಟ್ಟದಾಗಿ ನಡೆದುಕೊಂಡೆ ಅಂತ ನನಗೇ ಬೇಜಾರಾಗುತ್ತಿದೆ. ನಿಮ್ಮಣ್ಣನ ವಿಷಯ ಕೇಳಿ ತುಂಬಾ ದುಃಖವಾಯಿತು. ನನ್ನನ್ನು ಕ್ಷಮಿಸುತ್ತೀಯಾ? ಏನಾದರೂ ಬೇಕಿದ್ದರೆ ಹೇಳು.'

ಬರೆದು ಮುಗಿಸಿದಾಗ ಮನಸ್ಸು ಹಗುರಾಯಿತು. ಅದೇ ಅನುಮಾನ ತಂದದ್ದು. ಪೆನ್ನು ತೆಗೆದುಕೊಂಡು 'ನಾನು, ನನ್ನ, ನನಗೆ' ಬಂದ ಕಡೆಯೆಲ್ಲ ಗೆರೆ ಎಳೆದೆ. ಕಾಗದದ ತುಂಬಾ ಗೆರೆ. ಎಂಟು ವಾಕ್ಯಗಳಲ್ಲಿ ಅವಳ ಅಣ್ಣ ಇದ್ದದ್ದು ಒಂದರಲ್ಲಿ. ಅಲ್ಲಿಯೂ ಅವನ ಹೆಸರಿಲ್ಲ, ಅವನು ಎಂಥವನು ಅನ್ನುವುದಿಲ್ಲ. ಇದನ್ನು ಓದಿದವಳು ಏನು ಮಾಡಬೇಕು? 'ಅಯ್ಯೋ ಬಿಡು, ಪರವಾಗಿಲ್ಲ, ನೀನು ಬೇಜಾರು ಮಾಡಿಕೊಳ್ಳಬೇಡ' ಅಂತ ನನ್ನನ್ನೇ ಸಮಾಧಾನ ಮಾಡಬೇಕು. ಅಣ್ಣನನ್ನು ಕಳೆದುಕೊಂಡವಳಿಗೆ ಇನ್ನೊಂದು ಕೆಲಸ ಕೊಟ್ಟ ಹಾಗಾಯಿತು, ಅಲ್ವಾ?

ತಡವಾದ ಸಂದೇಶ ಕೆಡುವುದು ಹೆಚ್ಚಾಗಿ ಇಲ್ಲೇ ಅಂತ ನನಗನಿಸುತ್ತದೆ. ಕ್ಷಮೆ ಬೆಳೆದು ಬೆಳೆದು ಸಂತಾಪವನ್ನೇ ನುಂಗಿಬಿಡುತ್ತದೆ.

ಹಾಗಂತ ಕ್ಷಮೆ ಕೇಳದೆ, ನಿನ್ನೆ ತಾನೇ ಸುದ್ದಿ ತಿಳಿದವರ ಹಾಗೆ ಬರೆಯುವುದೂ ಸರಿಯಲ್ಲ. 'ಈಗಷ್ಟೇ ಗೊತ್ತಾಯಿತು' ಎಂದು ಬರೆಯುವ ಆಸೆ ನನಗೂ ಒಂದು ಕ್ಷಣ ಬಂದಿತ್ತು. ಆದರೆ ಆ ಗ್ರೂಪಿನಲ್ಲಿ ಅವಳೂ ಇದ್ದಾಳೆ, ನಾನೂ ಇದ್ದೇನೆ. ಸುಳ್ಳು ಹೇಳಿದರೆ ಮೌನಕ್ಕಿಂತ ಹೆಚ್ಚಿನ ನೋವು ಅದರಿಂದಲೇ ಆಗುತ್ತಿತ್ತು. 'ಕೆಲಸ ಜಾಸ್ತಿ ಇತ್ತು' ಅನ್ನುವುದೂ ಬೇಡ ಅನಿಸಿತು. ಏಳು ತಿಂಗಳಲ್ಲಿ ಐದು ನಿಮಿಷ ಸಿಗಲಿಲ್ಲ ಅಂದರೆ ಅವಳಿಗೆ ಕೇಳಿಸುವುದು 'ನಿನಗೆ ಐದು ನಿಮಿಷದ ಬೆಲೆಯೂ ಇರಲಿಲ್ಲ' ಎಂದೇ. ನಿಜವಾದ ಕಾರಣ ಸಣ್ಣದು, ಅಷ್ಟು ಒಳ್ಳೆಯದೂ ಅಲ್ಲ. ಅದನ್ನೇ ಬರೆಯಬೇಕು, ಬರೆದು ಮುಂದೆ ಹೋಗಬೇಕು.

ಇನ್ನೊಂದು ವಿಷಯ ಕಳಿಸುವ ಮೊದಲು ಹೊಳೆಯಿತು. ಸಂದೇಶ ಬಂದಾಗ ಫೋನಿನ ಪರದೆಯ ಮೇಲೆ ಕಾಣಿಸುವುದು ಮೊದಲ ಒಂದೆರಡು ಸಾಲು ಮಾತ್ರ. ತಿಂಗಳುಗಟ್ಟಲೆ ಮಾತಿಲ್ಲದವರಿಂದ 'ದಯವಿಟ್ಟು ನನ್ನನ್ನು ಕ್ಷಮಿಸು' ಅಂತ ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಇವರಿಗೇನಾಯಿತಪ್ಪಾ ಅನಿಸುತ್ತದೆ. ಒಂದು ಸಾವಿನ ಸುದ್ದಿ ಫೋನಿನಲ್ಲೇ ಕೇಳಿದವಳಿಗೆ ಅಂಥ ಗಾಬರಿ ಬೇಡ. ಅದಕ್ಕೇ ಮೊದಲ ಪದವಾಗಿ ಅವಳ ಅಣ್ಣನ ಹೆಸರನ್ನೇ ಇಟ್ಟೆ. ಇಲ್ಲಿ ಹೆಸರಿನ ಜಾಗದಲ್ಲಿ 'ನಿಮ್ಮಣ್ಣ' ಎಂದು ಹಾಕಿದ್ದೇನೆ.

ಆಮೇಲೆ ಕೂತು ಅವನ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಅಂತ ನೆನಪಿಸಿಕೊಂಡೆ. 'ಒಳ್ಳೆಯವರು, ಸಹಾಯ ಮಾಡುವವರು' ಎಂಬ ಮಾತು ಅವಳು ನೂರು ಸಲ ಕೇಳಿರುತ್ತಾಳೆ. ಅವಳು ನೋಡದೇ ಇದ್ದದ್ದು, ನಾನು ಮಾತ್ರ ನೋಡಿದ್ದು ಏನಾದರೂ ಇದೆಯಾ? ಒಂದಿತ್ತು. ಸಣ್ಣದೇ.

ಕಳಿಸಿದ್ದು ಇದು:

'ನಿಮ್ಮಣ್ಣನ ಒಂದು ವಿಷಯ ನಿನಗೆ ಹೇಳಬೇಕಿತ್ತು. ಒಂದು ಸಂಜೆ ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾಗ ನೀನು ಇನ್ನೂ ಮೀಟಿಂಗಿನಲ್ಲಿದ್ದೆ. ನಮ್ಮ ಗೋಡೆಯ ಗಡಿಯಾರ ನಿಂತುಹೋಗಿತ್ತು, ಯಾರೂ ಅದರ ಕಡೆ ನೋಡಿರಲಿಲ್ಲ. ಮರುದಿನ ಬರುವಾಗ ಎರಡು ಸೆಲ್ ತಂದರು. ಕುರ್ಚಿ ಹತ್ತಿ ಒಂದನ್ನು ಹಾಕಿದರು. ಇನ್ನೊಂದನ್ನು ನನ್ನ ಡ್ರಾಯರಿನಲ್ಲಿಟ್ಟು, "ಮುಂದಿನ ಸಲಕ್ಕೆ" ಅಂತ ಚೀಟಿ ಬರೆದಿಟ್ಟು ಹೋದರು. ಗಡಿಯಾರ ಮತ್ತೆ ನಿಂತಾಗ ಆ ಸೆಲ್ಲನ್ನೇ ಹಾಕಿದೆವು.

ಅವರು ಹೋದ ಸುದ್ದಿ ನನಗೆ ಎರಡನೇ ದಿನವೇ ಗೊತ್ತಾಗಿತ್ತು. ಏನು ಬರೆಯಬೇಕೋ ತಿಳಿಯದೆ ಸುಮ್ಮನಾದೆ, ಆಮೇಲೆ ನಾಚಿಕೆಯಿಂದ ಇನ್ನೂ ಸುಮ್ಮನಾದೆ. ಅದು ತಪ್ಪು. ಕ್ಷಮಿಸು.

ಅವರು ಇಲ್ಲ ಎಂದು ತುಂಬಾ ದುಃಖವಾಗುತ್ತದೆ. ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. ಭಾನುವಾರ ಸಂಜೆ ಏಳಕ್ಕೆ ಒಂದು ಸಲ ಫೋನ್ ಮಾಡುತ್ತೇನೆ. ಮಾತಾಡಬೇಕು ಅನಿಸದಿದ್ದರೆ ಎತ್ತಬೇಡ.'

ಕ್ಷಮೆ ನಡುವಿನಲ್ಲಿ ಬಂದದ್ದು ಬೇಕೆಂದೇ. ಕೊನೆಯಲ್ಲಿಟ್ಟಿದ್ದರೆ ಓದಿದವರ ಕೈಯಲ್ಲಿ ಉಳಿಯುವುದು ಅದೇ. 'ಕ್ಷಮಿಸು' ಅಂದೆ, 'ಕ್ಷಮಿಸುತ್ತೀಯಾ' ಅನ್ನಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಭಾರ ಅವಳ ಮೇಲೆ ಬೀಳುತ್ತದೆ. 'ಏನಾದರೂ ಬೇಕಿದ್ದರೆ ಹೇಳು' ಎಂಬ ಮಾತನ್ನು ಪೂರ್ತಿ ತೆಗೆದೆ. ಏಳು ತಿಂಗಳು ಕಾಣದೇ ಇದ್ದ ನನ್ನನ್ನು ನಂಬಿ ಅವಳು ಏನು ಕೇಳಬೇಕು? ಅದರ ಬದಲು ದಿನ, ಹೊತ್ತು ಹೇಳಿ ಒಂದು ಸಣ್ಣ ಮಾತು ಕೊಟ್ಟೆ. ಇದನ್ನು ಉಳಿಸಿಕೊಳ್ಳಲು ಆಗದಿದ್ದರೆ ಬರೆಯಲೇಬಾರದು. ತಡವಾಗಿ ಬಂದು, ಮತ್ತೆ ಮಾತು ತಪ್ಪಿದರೆ ಅದು ಮೊದಲಿನದಕ್ಕಿಂತ ಕೆಟ್ಟದ್ದು.

2022ರಲ್ಲಿ ಪೆಗಿ ಲಿಯು ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ದರು. ಸಂಪರ್ಕ ಕಡಿದುಹೋದವರಿಗೆ ನಾವು ಬರೆದಾಗ ಅವರಿಗೆ ಅದು ಎಷ್ಟು ಹಿಡಿಸುತ್ತದೆ ಅನ್ನುವುದನ್ನು ನಾವು ಕಡಿಮೆಯಾಗಿಯೇ ಊಹಿಸುತ್ತೇವೆ ಎಂದು ಅದರಲ್ಲಿದೆ. ಸಾವಿನ ಸಂದೇಶದ ಬಗ್ಗೆ ಮಾಡಿದ ಅಧ್ಯಯನವಲ್ಲ ಅದು. ಆದರೂ ಕಳಿಸುವ ಗುಂಡಿ ಒತ್ತುವ ಮುಂಚೆ ನಾನು ಅದನ್ನು ನೆನಪಿಸಿಕೊಂಡೆ.

ಎಲ್ಲ ಸಂಬಂಧಕ್ಕೂ ಇದು ಸಾಲುತ್ತದೆ ಅಂತ ನಾನು ಹೇಳುವುದಿಲ್ಲ. ತೀರಾ ಹತ್ತಿರದವರಾದರೆ, ಅವರು ನಮ್ಮ ದಾರಿಯನ್ನೇ ಕಾಯುತ್ತಿದ್ದರೆ, ಸಂದೇಶದಲ್ಲಿ ಮುಗಿಸುವುದು ಇನ್ನೊಂದು ಬಗೆಯ ತಪ್ಪಿಸಿಕೊಳ್ಳುವಿಕೆ. ಎದುರು ಹೋಗಿ ನಿಲ್ಲಬೇಕು. ಉತ್ತರ ಬರದೇ ಇರಬಹುದು, ಅದನ್ನೂ ಒಪ್ಪಿಕೊಳ್ಳಬೇಕು. ಮೌನಕ್ಕೆ ಅವರಿಗೂ ಹಕ್ಕಿದೆ. 'ನೋಡಿದೆಯಾ?' ಅಂತ ಇನ್ನೊಂದು ಸಂದೇಶ ಹಾಕಬಾರದು.

ನೀಲಿ ಗುರುತು ಅದೇ ರಾತ್ರಿ ಬಂತು. ಉತ್ತರ ಬಂದದ್ದು ಎರಡು ದಿನದ ಮೇಲೆ. 'ಸೆಲ್ಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದರು. ನೀನು ಏನೂ ಅನ್ನದೇ ಇದ್ದದ್ದು ನನಗೆ ತುಂಬಾ ಬೇಜಾರಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.'

ಆ ಕೊನೆಯ ಮಾತು ಓದಿ ಉತ್ತರವಾಗಿ ಮತ್ತೆ ಉದ್ದಕ್ಕೆ ಕ್ಷಮೆ ಕೇಳಬೇಕು ಅನಿಸಿತು. ತಡೆದುಕೊಂಡೆ. 'ಹೌದು, ಆಗಿರುತ್ತದೆ' ಅಂತಷ್ಟೇ ಬರೆದೆ.

ಭಾನುವಾರ ಏಳಕ್ಕೆ ಫೋನ್ ಮಾಡಿದೆ. ತುಂಬಾ ಹೊತ್ತು ರಿಂಗ್ ಆಯಿತು, ಇನ್ನೇನು ಕಟ್ ಮಾಡಬೇಕು ಅನ್ನುವಾಗ ಎತ್ತಿದಳು. ಹೆಚ್ಚಾಗಿ ಅವಳೇ ಮಾತಾಡಿದಳು. ನಡುವೆ ಕೇಳಿದಳು, 'ಆ ಚೀಟಿ ನಿನ್ನ ಹತ್ತಿರ ಇದೆಯಾ?'

'ಇಲ್ಲ, ಎಲ್ಲಿ ಹೋಯಿತೋ ಗೊತ್ತಿಲ್ಲ' ಅಂದೆ.

'ಅಕ್ಷರ ಹೇಗಿತ್ತು, ನೆನಪಿದೆಯಾ?'

ಸ್ವಲ್ಪ ಯೋಚಿಸಿದೆ. 'ಸಣ್ಣ ಸಣ್ಣ ಅಕ್ಷರ. ಎಡಕ್ಕೆ ವಾಲಿದ ಹಾಗಿತ್ತು.'

'ಹೌದು' ಅಂದಳು. 'ಎಡಕ್ಕೇ ವಾಲುತ್ತಿತ್ತು.'